ಹಬ್ಬದ ನಂತರದ ಕೆಂಪು ಚೀಟಿ

“ಪೈಠಣಿ ಅಂಚಿನ ಸೀರಿಗೆ ದೀಪಾವಳಿ ಆದಮ್ಯಾಲೂ ರೇಟ್ ಇಳಿಯೂದಿಲ್ಲ ಗುರುಬಾಯಿ. ತುಳಸಿ ಲಗ್ನ ಆತಂದ್ರ ಮದಿವಿ ಗಿರಾಕಿ ಬರ್ತಾರ. ನಿಮ್ಮ ಮಂದಿಗೆ ಈಗೇ ತಗೊಳ್ರಿ ಅಂತ ಹೇಳು.”

ಶಶಿಕಾಂತ ಸೇಠ್ ಹೀಗೆಂದಾಗ ನಾನು ಕಣ್ಣುಮುಚ್ಚಿ ನಂಬಿದೆ, ನಮ್ಮವರಿಗೂ ಹಾಗೇ ಹೇಳಿದೆ. ಗ್ರಾಂಟ್ ರೋಡಿನ ಅವರ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವಳು ನಾನು. ಆಂಟಾಪ್ ಹಿಲ್‌ನ ನಮ್ಮ ಊರ ಕಡೆಯ ಹೆಂಗಸರು ಲೋಕಲ್ ರೈಲು ಹತ್ತಿ ಅಷ್ಟು ದೂರ ಬರುವುದು ಸೇಠ್ ಮುಖ ನೋಡಿಯಲ್ಲ, ನನ್ನ ಮಾತಿನ ಮೇಲೆ. ನಮ್ಮ ಪಕ್ಕದ ಮನೆಯ ಅಂಬವ್ವಕ್ಕ ಮಗಳ ಮದುವೆಗೆ ಬೀಗರ ಸೀರೆಗಳನ್ನು ಹಬ್ಬಕ್ಕೆ ಮೊದಲೇ ಪೂರ್ತಿ ರೇಟಿಗೆ ಕೊಂಡಳು. ಒಂದು ಮಾತೂ ಚೌಕಾಸಿ ಮಾಡಲಿಲ್ಲ.

ಹಬ್ಬ ಮುಗಿದು ಅಂಗಡಿ ತೆರೆದ ದಿನ ನೋಡುತ್ತೇನೆ, ಅದೇ ಸೀರೆಗಳ ಮೇಲೆ ಕೆಂಪು ಚೀಟಿ! ಮೂವತ್ತು ಪರ್ಸೆಂಟ್ ಕಡಿಮೆ. ನನ್ನ ಮೈ ಉರಿದುಹೋಯಿತು.

“ಏನ್ರಿ ಸೇಠ್ ಇದು?”

“ಚೀಟಿ ದಸರಾಕ್ಕ ಮೊದಲ ಛಾಪಿಸಿದ್ದೆ. ಈ ವಾರ ಇಷ್ಟು, ಮುಂದಿನ ವಾರ ಅರ್ಧಾ. ಆಮ್ಯಾಲೂ ಉಳಿದಿದ್ದನ್ನ ಒಟ್ಟಿಗೇ ಲಾಟ್ ಹಿಡಿಯೋ ವ್ಯಾಪಾರಿಗೆ ಸಿಕ್ಕ ರೇಟಿಗೆ ಒಗಿಯೂದು. ಮದಿವಿ ಸೀಜನ್ನಿನ ಹೊಸ ಡಿಸೈನ್ ಇಡಾಕ ಜಾಗಾ ಬೇಕಲ್ಲ?”

“ಮತ್ತ ನನಗ್ಯಾಕ ಸುಳ್ಳು ಹೇಳಿದ್ರಿ?”

“ಇಳಿತೈತಿ ಅಂತ ಗೊತ್ತಾದ್ರ ಹಬ್ಬದಾಗ ಪೂರಾ ರೇಟ್ ಯಾರು ಕೊಡ್ತಾರ? ನಿನಗ ಖರೇ ಹೇಳಿದ್ರ ನೀ ಅವರಿಗೆ ಹೇಳೇ ಹೇಳ್ತಿದ್ದಿ. ನಿನಗ ಸುಳ್ಳು ಹೇಳಾಕ ಬರಂಗಿಲ್ಲ.”

ಹೊಗಳುವವನ ಹಾಗೆ ಹೇಳಿದ, ಪುಣ್ಯಾತ್ಮ. ಇನ್ನು ಅವನಿಗೆ ಮರ್ಯಾದೆ ಯಾಕೆ ಕೊಡಲಿ? ನನ್ನ ಬಾಯಿಯಿಂದ ನನ್ನವರಿಗೇ ಮೋಸ ಮಾಡಿಸಿದ್ದ. ಅವರಿಗೆ ಇನ್ನು ಹೇಗೆ ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸೇಲ್ ಸುದ್ದಿ ಹಬ್ಬಿತ್ತು. ಮಧ್ಯಾಹ್ನ ಅಂಬವ್ವಕ್ಕ ನಮ್ಮ ಕಾಲನಿಯ ನಾಲ್ಕೈದು ಹೆಂಗಸರ ಜೊತೆ ಬಂದಳು. ಕೆಂಪು ಚೀಟಿ ತಿರುಗಿಸಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ.

“ಯಕ್ಕಾ, ನನಗೂ ಸುಳ್ಳು ಹೇಳಿದ್ರು. ಇವತ್ತ ಯಾರೂ ತಗೋಬ್ಯಾಡ್ರಿ. ಮುಂದಿನ ವಾರ ಅರ್ಧಕ್ಕ ಬರ್ತಾವ. ದೇವರಾಣಿ!”

ಕೆಲಸ ಹೋದರೆ ಹೋಗಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಗಲ್ಲಾದ ಮೇಲೆ ಕೂತಿದ್ದ ಸೇಠ್ ತಲೆ ಎತ್ತಿದ.

ಅಂಬವ್ವಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಅವತ್ತು ಇಳಿಯೂದಿಲ್ಲ ಅಂದಿ. ಇವತ್ತು ಇನ್ನೂ ಇಳಿತೈತಿ ಅಂತಿ. ಕಾಯ್ಕೊಂತ ಕುಂತ್ರ ಮುಂದಿನ ವಾರ ಚಲೋ ಸೀರಿ ಒಂದೂ ಉಳಿಯಂಗಿಲ್ಲ. ನಿನ್ನ ಮಾತು ಕೇಳಿದ್ದು ಸಾಕವ್ವಾ.” ಉಳಿದವರ ಕಡೆ ತಿರುಗಿದಳು. “ಆರಿಸ್ಕೊಳ್ರೆ.”

ಎಲ್ಲರೂ ಕೈತುಂಬ ಆರಿಸಿಕೊಂಡರು. ಸೇಠ್ ಬೈಯಲೂ ಇಲ್ಲ, ಕೆಲಸ ಬಿಡು ಎನ್ನಲೂ ಇಲ್ಲ. “ಗುರುಬಾಯಿ, ಅಕ್ಕಾರಿಗೆ ಚೀಲ ಕೊಡು,” ಎಂದ ಅಷ್ಟೇ.

ನಾನು ಸೀರೆ ಮಡಚಿ, ಚೀಲಕ್ಕೆ ಹಾಕಿ ಮುಂದೆ ಹಿಡಿದೆ. ಅಂಬವ್ವಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.