ಮೂರೂವರೆಯ ಬಟನ್

ಮುಂಬಯಿಯ ಮಲಾಡಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ವರ್ಷದಿಂದ ಫೋನ್ ಎತ್ತುತ್ತಿದ್ದ ಸೇವಂತಿಗೆ ಕಂಪ್ಯೂಟರ್ ಕೆಲಸದ ತಿಲಕನ ಮುಖ ಕಂಡರಾಗುತ್ತಿರಲಿಲ್ಲ. ತಾನಾಗಿಯೇ ಅಪಾಯಿಂಟ್‌ಮೆಂಟ್ ಕೊಡುವ ಎರಡು ಬಾಟ್ ಪ್ರೋಗ್ರಾಂ ತಂದು, ಎರಡು ವಾಟ್ಸಾಪ್ ನಂಬರಿನಲ್ಲಿ ವಾರದ ಮಟ್ಟಿಗೆ ಪರೀಕ್ಷೆಗೆ ಬಿಟ್ಟವನು ಅವನೇ. ಒಂದು ಬಟನ್ನಿನದು: ದಿನ ಒತ್ತು, ಖಾಲಿಯಿರುವ ಹೊತ್ತು ಒತ್ತು, ಮುಗಿಯಿತು. ಇನ್ನೊಂದಕ್ಕೆ ಮನಸ್ಸಿಗೆ ಬಂದಂತೆ ಬರೆಯಬಹುದು. ಎಐ ಓದಿ ಉತ್ತರ ಕೊಡುತ್ತದೆ.

ಫೋನ್ ಕಡಿಮೆಯಾದರೆ ಸೇವಂತಿಗೆ ಅರ್ಧ ದಿನದ ಕೆಲಸ ಎಂದು ಕ್ಲಿನಿಕ್ಕಿನ ಒಡತಿ ಡಾಕ್ಟರ್ ನಮಿತಾ ಮೊದಲೇ ಹೇಳಿದ್ದರು. ಹಾಗಾಗಿ ಸೇವಂತಿ ಬಟನ್ನಿನ ಪಕ್ಷ. ಬಟನ್ನಿನಲ್ಲಿ ಸಿಕ್ಕಿಬಿದ್ದವರು ಕೊನೆಗೆ ತನಗೇ ಫೋನ್ ಮಾಡುತ್ತಾರೆಂದು ಅವಳಿಗೆ ನಾಲ್ಕೇ ದಿನದಲ್ಲಿ ಗೊತ್ತಾಗಿತ್ತು.

ಶನಿವಾರ ಮಧ್ಯಾಹ್ನ, ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ, ಮೂವರೂ ತೀರ್ಮಾನಕ್ಕೆ ಕೂತರು.

"ಸೇವಂತಕ್ಕಾ, ನಿಮ್ಮ ಬಟನ್ನು ಹೊಸ ಕಾಲಕ್ಕಲ್ಲ," ಎಂದ ತಿಲಕ.

"ನಿನ್ನದು ಬಾಯಿಬಡುಕ. ಹೊಸ ಕಾಲಕ್ಕೆ ಅದೇ ಸರಿ."

ಅಷ್ಟರಲ್ಲಿ ಅರ್ಧ ಎಳೆದ ಶಟರಿನಡಿ ತಲೆ ಬಗ್ಗಿಸಿ ಅಣ್ಣು ಒಳಬಂದ. ಸ್ಟೇಷನ್ ಪಕ್ಕದ ಹೋಟೆಲಿನ ದೋಸೆ ಭಟ್ಟ, ಕೆನ್ನೆ ಊದಿತ್ತು.

"ಎಂಥ ಅಕ್ಕ, ಮೂರೂವರೆಗೆ ಬಾ ಅಂತ ಹೇಳಿ ಬಾಗಿಲು ಹಾಕಿದ್ದಾ?"

ತಿಲಕ ಅವನ ಫೋನ್ ಇಸಿದುಕೊಂಡು ಓದಿದ. ಎರಡರಿಂದ ಐದು ಮುಚ್ಚಿರುತ್ತದೆ ಎಂದು ಎಐ ಎರಡು ಸಲ ಹೇಳಿತ್ತು. 'ಸಂಜೆ ಹೋಟೆಲ್ ರಶ್. ಸೇವಂತಿ ಅಕ್ಕ ಯಾವಾಗಲೂ ಮೂರೂವರೆಗೆ ಕೊಡ್ತಾರೆ' ಎಂದು ಅಣ್ಣು ಮೂರನೇ ಸಲ ಹಟ ಹಿಡಿದಾಗ ಮೆತ್ತಗಾಗಿ, 'ಕ್ಷಮಿಸಿ. ಶನಿವಾರ 3:30ಕ್ಕೆ ಬುಕ್ ಆಗಿದೆ' ಎಂದು ಬರೆದಿತ್ತು. ಕ್ಯಾಲೆಂಡರಿನಲ್ಲಿ ಅಣ್ಣುವಿನ ಹೆಸರೇ ಇರಲಿಲ್ಲ.

"ಕ್ಯಾಲೆಂಡರಿಗೆ ಸೇರಿಸದೇ ಆಯ್ತು ಅಂದುಬಿಟ್ಟಿದೆ," ತಿಲಕ ಗೊಣಗಿದ. "ಸೇರಿದ ಮೇಲೇ ಆ ಮಾತು ಹೋಗೋ ಹಾಗೆ ಸಾಫ್ಟ್‌ವೇರಲ್ಲೇ ಕಟ್ಟಬಹುದು."

"ಮೊದಲೇ ಯಾಕೆ ಕಟ್ಟಲಿಲ್ಲ?" ಎಂದಳು ಸೇವಂತಿ. ಗೆದ್ದೆ ಅನ್ನಿಸಿತು.

ಡಾಕ್ಟರ್ ಮಾತ್ರ ಅವಳನ್ನೇ ನೋಡುತ್ತಿದ್ದರು. "ಯಾವಾಗಲೂ ಅಂದ್ರೆ?"

"ಹೋಟೆಲಿನವರಿಗೆ ಪುರುಸೊತ್ತು ಆವಾಗಲೇ ಮೇಡಂ. ಜೂನಿಯರ್ ಶ್ರಾವ್ಯಾ ಡಾಕ್ಟ್ರು ಮಧ್ಯಾಹ್ನ ಇಲ್ಲೇ ಇರ್ತಾರಲ್ಲ, ಅವರೇ ನೋಡ್ತಿದ್ರು."

"ರಿಜಿಸ್ಟರಿನಲ್ಲಿ?"

"ಐದು ಗಂಟೆ ಅಂತ ಬರೀತಿದ್ದೆ."

"ನನ್ನ ಕ್ಲಿನಿಕ್ಕು, ನನಗೇ ಗೊತ್ತಿಲ್ಲ." ಡಾಕ್ಟರರ ದನಿ ಏರಲಿಲ್ಲ. "ತಿಲಕ್, ಬಟನ್ನಿನದೇ ಇರಲಿ. ಮೂರೂವರೆಗೂ ಒಂದು ಬಟನ್ ಹಾಕು. ಇವಳ ತಲೆಯಲ್ಲಿ ಇನ್ನೇನೇನಿದೆಯೋ ಎಲ್ಲ ಕೇಳಿ ಬಟನ್ ಮಾಡು. ಒಂದನೇ ತಾರೀಖಿನಿಂದ ಇವಳು ಬೆಳಗಿನ ಅರ್ಧ ದಿನ ಬಂದರೆ ಸಾಕು."

ತಿಲಕ ಲ್ಯಾಪ್‌ಟಾಪ್ ತೆರೆದು ಕೂತ. ಅವನು ಕೇಳಿದ, ಅವಳು ಹೇಳಿದಳು. ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮೊದಲು ಡಾಕ್ಟರರ ಹತ್ತಿರ ಮಾತಾಡಬೇಕು. ಒಂದೊಂದೂ ಪರದೆಯ ಮೇಲೆ ನೀಲಿ ಬಟನ್ನಾಗಿ ಕೂತಿತು.

"ಇನ್ನೇನಾದ್ರೂ ಇದೆಯಾ ಅಕ್ಕ?"

ಓದಲು ಬಾರದ ಚಂದ್ರವ್ವ, ಅವಳ ಚಾಳಿನ ಇನ್ನೂ ಹತ್ತಿಪ್ಪತ್ತು ಹೆಂಗಸರು ಸೇವಂತಿಯ ಕಣ್ಮುಂದೆ ಬಂದರು. ಅವರು ಯಾವ ಬಟನ್ನೂ ಒತ್ತುವವರಲ್ಲ. ಫೋನೇ ಮಾಡುತ್ತಾರೆ, ಅದೂ ಮಧ್ಯಾಹ್ನದ ಮೇಲೆ, ಮನೆಗೆಲಸ ಮುಗಿಸಿಕೊಂಡು. ಇನ್ನು ಆ ಹೊತ್ತಿಗೆ ಎತ್ತಲು ತಾನಿರುವುದಿಲ್ಲ.

"ಇಲ್ಲ," ಎಂದಳು.

"ನನ್ನ ಹಲ್ಲು ಯಾರು ನೋಡುದು?" ಬೆಂಚಿನಿಂದ ಅಣ್ಣು ಕೇಳಿದ.

"ಬಟನ್ ಒತ್ತು," ಎಂದು ಸೇವಂತಿ ಚೀಲ ಎತ್ತಿಕೊಂಡಳು.