ನೊರೆಹಾಲು

ಬಸವರಾಜೇಶ್ವರಿಯನ್ನು ಬಸವೇಶ್ವರನಗರದ ಆ ಬೀದಿಯಲ್ಲಿ ಎಲ್ಲರೂ ದನದ ಡಾಕ್ಟ್ರಮ್ಮ ಎನ್ನುತ್ತಿದ್ದರು. ಆಕೆ ದನ ಮುಟ್ಟುವುದೇ ಅಪರೂಪ ಎಂದರೆ ಯಾರೂ ನಂಬುತ್ತಿರಲಿಲ್ಲ. ಜೊತೆಯಲ್ಲಿ ಓದಿದವರು ಡೈರಿಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಜನರ ನಡುವೆ ಇದ್ದರು. ಈಕೆಯ ಪಾಲಿಗೆ ಬಂದದ್ದು ಹೆಬ್ಬಾಳದ ಪ್ರಯೋಗಶಾಲೆ. ಊರೂರಿನಿಂದ ದನಗಳ ರಕ್ತ ಸಣ್ಣ ಗಾಜಿನ ಕೊಳವೆಗಳಲ್ಲಿ ಬರುತ್ತಿತ್ತು. ಹಸುವಿನ ಮುಖ ನೋಡದೆಯೇ ಅದರ ಹಣೆಬರಹ ಹೇಳುವ ಕೆಲಸ ಅದು. ಮಾತಾಡಿಸಲು ಕೊಳವೆಗಳು, ಮನೆಗೆ ಬಂದರೆ ನಾಲ್ಕು ಗೋಡೆ. ದಾವಣಗೆರೆಯ ಕಡೆಯ ಹೆಣ್ಣು, ಮದುವೆಯಾಗಿಲ್ಲ, ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ. ಬೀದಿಯವರಿಗೆ ಬೇರೆ ಏನು ಬೇಕು? ನಾಯಿಗೆ ಹುಷಾರಿಲ್ಲದಿದ್ದರೆ ಮಾತ್ರ ಬಾಗಿಲು ತಟ್ಟುತ್ತಿದ್ದರು.

ನಾಯಿಯ ನೆಪವಿಲ್ಲದೆ ತಟ್ಟುತ್ತಿದ್ದವರು ಒಬ್ಬರೇ, ಅವಳ ಬಾಡಿಗೆ ಮನೆಯ ಒಡತಿ, ಪಕ್ಕದಲ್ಲೇ ಇದ್ದ ಕಮಲಾಕ್ಷಮ್ಮ. ಹಿತ್ತಿಲಲ್ಲಿ ಅವರದೊಂದು ಹಸು, ಗೌರಿ. ಬೆಳಿಗ್ಗೆ ಹಾಲು ಕರೆದವರೇ ಕೆಚ್ಚಲ ಬಿಸಿ ಆರುವ ಮೊದಲು ಒಂದು ಲೋಟ ನೊರೆಹಾಲು ಹಿಡಿದು ಬರುತ್ತಿದ್ದರು.

"ತಗೊಳ್ಳಿ ಡಾಕ್ಟ್ರಮ್ಮ, ಗಾಳಿ ಬಂದ್ರೆ ಬೀಳೋ ಹಂಗಿದೀರ."

ಬಸವರಾಜೇಶ್ವರಿ ಲೋಟ ಇಸಿದುಕೊಂಡು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಸೀಮೆಎಣ್ಣೆ ಸ್ಟೌವ್ ಹಚ್ಚಿ ಹಾಲನ್ನು ಕುದಿಸಿ ಕುಡಿಯುತ್ತಿದ್ದಳು. ಹಸಿಹಾಲಿನಲ್ಲಿ ಏನೇನು ಇರಬಹುದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಹೇಳಲಿಲ್ಲ. ಹೇಳಿದರೆ ಲೋಟ ನಿಂತುಹೋದೀತೆಂಬ ಹೆದರಿಕೆ. ಹೀಗೆ ಒಂದು ವರ್ಷ ಕಳೆಯಿತು.

ಗೌರಿ ಏಳನೇ ತಿಂಗಳಲ್ಲಿ ಕಂದು ಹಾಕಿತು. ಕಮಲಾಕ್ಷಮ್ಮ ಸತ್ತ ಕರುವನ್ನು ಬರಿಗೈಯಲ್ಲೇ ಎತ್ತಿಕೊಂಡು ಅಳುತ್ತಿದ್ದರು. ಯಾರದೋ ದೃಷ್ಟಿ ಎಂದರು. ಬಸವರಾಜೇಶ್ವರಿ ಅವರ ಕೈ ತೊಳೆಸಿ, ಕರುವನ್ನು ಆಳವಾಗಿ ಹೂಳಿಸಿ, ಸುಣ್ಣ ಹಾಕಿಸಿದಳು. ಆಮೇಲೆ ಗೌರಿಯ ಕುತ್ತಿಗೆಯ ರಕ್ತನಾಳದಿಂದ ಒಂದು ಕೊಳವೆ ರಕ್ತ ತೆಗೆದಳು. ಕೊಳವೆಯ ಹಿಂದಿನ ಹಸುವಿನ ಗುರುತು ಅವಳಿಗಿದ್ದದ್ದು ಅದೇ ಮೊದಲು.

ಪ್ರಯೋಗಶಾಲೆಯಲ್ಲಿ ರಕ್ತದ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ಔಷಧದ ಒಂದು ಹನಿ ಸೇರಿಸಿ ಕದಡಿದಳು. ನೋಡುತ್ತಿದ್ದಂತೆ ಅದು ಒಡೆದ ಹಾಲಿನ ಹಾಗೆ ಹರಳುಗಟ್ಟಿತು. ಕಂದು ರೋಗ, ದನಗಳ ಗರ್ಭ ಕಳಚುವ ಬ್ರುಸೆಲ್ಲೋಸಿಸ್. ತಪ್ಪಿರಲಿ ಎಂದು ಹಾರೈಸುತ್ತಾ ಕೊಳವೆಯಲ್ಲಿ ಇನ್ನೊಂದು ಪರೀಕ್ಷೆ ಇಟ್ಟಳು. ಮರುದಿನ ಅದೂ ಅದನ್ನೇ ಹೇಳಿತು.

ಸಂಜೆ ಹಿತ್ತಿಲಿಗೆ ಹೋದಾಗ ಕಮಲಾಕ್ಷಮ್ಮ ತುಸು ಗೆಲುವಾಗಿದ್ದರು. ಮಗಳು ಪ್ರಭಾ ಬಾಣಂತನಕ್ಕೆ ಭಾನುವಾರ ಬರುವವಳಿದ್ದಳು.

"ಗೌರಿ ಹಾಲು ಇನ್ನೂ ಬತ್ತಿಲ್ಲ, ನನ್ನ ಪುಣ್ಯ. ಬಸುರಿ ಹುಡುಗಿ, ದಿನಾ ನೊರೆಹಾಲು ಕೊಡ್ತೀನಿ."

"ಕೊಡಬೇಡಿ," ಎಂದಳು ಬಸವರಾಜೇಶ್ವರಿ. "ಗೌರಿಗೆ ಕಂದು ರೋಗ ಇದೆ. ಹಸಿಹಾಲಿನಿಂದ ಮನುಷ್ಯರಿಗೂ ಬರುತ್ತೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಬಸುರಿಯರಿಗೆ ಇನ್ನೂ ಅಪಾಯ. ಚೆನ್ನಾಗಿ ಕುದಿಸಿದರೆ ಭಯ ಇಲ್ಲ. ಪ್ರಭಾನ ಕೊಟ್ಟಿಗೆಗೂ ಬಿಡಬೇಡಿ."

"ಕಾಯಿಸಿದ ಹಾಲು ಕುಡಿಯೋಕೆ ತಾಯಿಮನೆಗೆ ಯಾಕಮ್ಮ ಬರಬೇಕು?" ಕಮಲಾಕ್ಷಮ್ಮ ನಕ್ಕರು. "ನಿಮ್ಮ ಗಾಜಿನ ಕೊಳವೆಗೆ ಏನು ಗೊತ್ತು? ವರ್ಷದಿಂದ ನಿಮ್ಮ ಕೈಗೆ ಕೊಡ್ತಾ ಇದೀನಿ. ಗುಂಡುಕಲ್ಲಿನ ಹಾಗೆ ಇದೀರ. ನಿಮಗೇನಾಯ್ತು, ಹೇಳಿ?"

ಬಸವರಾಜೇಶ್ವರಿ ಗೌರಿಯ ಕಡೆ ನೋಡಿದಳು. ಸುಮ್ಮನಿದ್ದರೆ ನಾಳೆಯೂ ಬಾಗಿಲು ಸದ್ದಾಗುತ್ತದೆ. ಪ್ರಭಾಳ ಕೈಯಲ್ಲಿ ನೊರೆಹಾಲಿನ ಲೋಟವೂ ಇರುತ್ತದೆ.

"ನಾನು ಕಾಯಿಸ್ಕೊಂಡು ಕುಡೀತಿದ್ದೆ, ಕಮಲಾಕ್ಷಮ್ಮ."

"ಯಾವಾಗಿಂದ?"

"ಮೊದಲನೇ ದಿನದಿಂದ."

ಕಮಲಾಕ್ಷಮ್ಮ ಹಸುವಿನ ಬೆನ್ನು ಸವರಿದರು.

"ಗೊತ್ತಿದ್ದೂ ಹೇಳಲಿಲ್ಲ. ನಾವು ಮನೆಮಂದಿಯೆಲ್ಲ ಹಸಿಹಾಲೇ ಕುಡಿದ್ವಿ," ಎಂದರು. "ನಿಮ್ಮನ್ನ ಮನೆ ಮಗಳು ಅಂದ್ಕೊಂಡಿದ್ದೆ."

"ಹೇಳಿದರೆ ನೀವು ಬರೋದು ಬಿಡ್ತೀರ ಅಂತ..."

ಕಮಲಾಕ್ಷಮ್ಮ ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋದರು.

ಮರುದಿನ ಬಾಗಿಲು ಯಾರೂ ತಟ್ಟಲಿಲ್ಲ. ಭಾನುವಾರ ಆಟೋ ನಿಂತ ಸದ್ದು, ಪ್ರಭಾಳ ನಗು ಗೋಡೆಯಾಚೆಯಿಂದ ಕೇಳಿಸಿದವು. ಕಮಲಾಕ್ಷಮ್ಮನ ಮನಸ್ಸು ಯಾವ ಕಡೆ ತಿರುಗಿದೆಯೋ ಬಸವರಾಜೇಶ್ವರಿಗೆ ತಿಳಿಯಲಿಲ್ಲ. ಹೋಗಿ ಕೇಳಲು ಮುಖವಿರಲಿಲ್ಲ. ರಾತ್ರಿಯೆಲ್ಲಾ ಅದೇ ಯೋಚನೆ.

ಸೋಮವಾರ ಬೆಳಿಗ್ಗೆ ಹಾಲು ಕರೆಯುವ ಸದ್ದು ನಿಂತಾಗ ಅವಳು ಅಡುಗೆಮನೆಯ ಗೋಡೆಗೆ ಒರಗಿ ಕಾದಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. "ಇನ್ನೊಂದು ಕುದಿ ಬರಲಿ, ತಡಿಯೇ," ಎಂದು ಕಮಲಾಕ್ಷಮ್ಮ ಮಗಳಿಗೆ ಹೇಳುವುದು ಕೇಳಿಸಿತು.

ಬಸವರಾಜೇಶ್ವರಿಗೆ ಬಹಳ ಸಮಾಧಾನವಾಯಿತು, ಅಷ್ಟೇ ಅಳುವೂ ಬಂತು. ವರ್ಷವಿಡೀ ಮುಂದೆ ಮಾಡಿಕೊಂಡು ಹಾಲು ಕಾಯಿಸುತ್ತಿದ್ದ ಬಾಗಿಲನ್ನು ಆವತ್ತು ಪೂರ್ತಿ ತೆರೆದಿಟ್ಟಳು. ಹೆಬ್ಬಾಳದ ಬಸ್ಸಿಗೆ ಹೊತ್ತಾಗುವವರೆಗೂ ಅದು ಹಾಗೇ ತೆರೆದಿತ್ತು.