ವಾಪಸ್ ಬಂದವಳ ಫೋಟೋ

ಚಿಕ್ಕಪ್ಪನ ಎದುರು ನಿಂತು ಬಾಯಿಬಿಡುವ ಧೈರ್ಯವಿಲ್ಲದೆ ಪಂಡಿತೆ ಜಾಹೀರಾತಿಗೆ ಫೋಟೋ ಕೊಟ್ಟಳು. ಒಬ್ಬ ಮನುಷ್ಯನಿಗೆ ಹೇಳಲಾಗದ ಮಾತನ್ನು ಊರಿಗೆಲ್ಲ ಡಂಗುರ ಸಾರಿಸಲು ಹೊರಟಳಲ್ಲ, ಈ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ಪಂಡಿತೆ ಎಂಬುದು ಮನೆಯವರು ಇಟ್ಟ ಹೆಸರು. ಚಿಕ್ಕಂದಿನಿಂದ ಪುಸ್ತಕದೊಳಗೇ ಮೂಗು. ಸರಕು ಸಾಗಣೆಯ ನಿರ್ವಹಣೆಯಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ಬ್ಯಾಂಕಿನ ಸಾಲಕ್ಕೆ ಅಮ್ಮನ ಸಹಿಯನ್ನೂ ಹಾಕಿಸಿ ವಿದೇಶಕ್ಕೆ ಹೋದಳು. ಓದು ಒಂದು ವರ್ಷದಲ್ಲಿ ಮುಗಿಯಿತು. ಆಮೇಲೆ ಕೆಲಸ ಹುಡುಕಿಕೊಳ್ಳಲು ಆ ದೇಶದವರು ಎರಡು ವರ್ಷದ ಪರ್ಮಿಟ್ ಕೊಟ್ಟರು. ಅದು ಮುಗಿಯುವುದರೊಳಗೆ ಯಾವುದಾದರೂ ಕಂಪನಿ ಇವಳ ಓದಿಗೆ ತಕ್ಕ ಕೆಲಸವನ್ನೂ ಸರ್ಕಾರ ಹೇಳಿದಷ್ಟು ಸಂಬಳವನ್ನೂ ಕೊಟ್ಟು, ಮುಂದಿನ ಪರ್ಮಿಟ್ಟಿಗೆ ತಾನೇ ಜವಾಬ್ದಾರಿ ಹೊರಬೇಕಿತ್ತು. ಇವಳಿಗೆ ಸಿಕ್ಕಿದ್ದು ಅಂಗಡಿಯ ಗಲ್ಲಾಪೆಟ್ಟಿಗೆ, ಹೋಟೆಲಿನ ಪಾತ್ರೆ. ಪರ್ಮಿಟ್ ಮುಗಿಯಿತು, ಗಂಟುಮೂಟೆ ಕಟ್ಟಿಕೊಂಡು ಬಂದಳು. ಈಗ ಒಂದು ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್‌ಗಳ ಬಿಲ್ ಮಾಡುತ್ತಾಳೆ, ತಿಂಗಳಿಗೊಮ್ಮೆ ಸಾಲದ ಕಂತು ಕಟ್ಟುತ್ತಾಳೆ.

ಆದರೆ ಅಮ್ಮ ನೆಂಟರಿಗೆಲ್ಲ ಹೇಳಿದ್ದು ಬೇರೆ. "ಫಾರಿನ್ ಕಂಪನಿ. ಇಲ್ಲಿನ ಬ್ರಾಂಚ್ ನೋಡ್ಕೊಳ್ಳೋಕೆ ಕಳಿಸಿದಾರೆ."

"ಅಮ್ಮಾ, ಯಾಕಮ್ಮ ಸುಳ್ಳು?"

"ನಿಮ್ಮ ಗೋದಾಮಿಂದ ಹೊರದೇಶಕ್ಕೆ ಪಾರ್ಸೆಲ್ ಹೋಗುತ್ತೋ ಇಲ್ವೋ? ಹೋಗುತ್ತೆ ತಾನೆ? ಮತ್ತೆ ಸುಳ್ಳೆಲ್ಲಿ ಬಂತು!"

ಈ ಮಾತು ನೆಂಟರ ಮನೆಯಲ್ಲೇ ಕೊಳೆತುಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅದನ್ನು ನಂಬಿದವರಲ್ಲಿ ಚಿಕ್ಕಪ್ಪನೂ ಒಬ್ಬ. ಅಪ್ಪ ತೀರಿಹೋದ ಮೇಲೆ ಈ ಮನೆಯ ಕಷ್ಟಸುಖಕ್ಕೆ ಆದವನು ಆತನೇ. ಇರುವುದೊಂದು ಟೈರ್ ಅಂಗಡಿ, ಇರುವವಳೊಬ್ಬಳು ಮಗಳು. ಬಾಯಿ ತೆರೆದರೆ ಚಟಪಟ ಎನ್ನುವ ಆ ಹುಡುಗಿಗೆ ಪಟಾಕಿ ಎಂದೇ ಹೆಸರು. ಒಂದು ಸಂಜೆ ಆತ ಕೈಗೆ ಮೆತ್ತಿದ ಮಸಿಯನ್ನು ಒರೆಸಿಕೊಳ್ಳುತ್ತಲೇ ಬಂದು ಕೂತ.

"ಅತ್ತಿಗೆ, ನಮ್ಮವಳನ್ನೂ ಕಳಿಸಿಬಿಡ್ತೀನಿ. ಪಂಡಿತೆ ಹೋದ ಯೂನಿವರ್ಸಿಟಿ, ಪಂಡಿತೆ ಓದಿದ್ದೇ ಕೋರ್ಸು. ಅಂಗಡಿ ಅಡ ಇಟ್ರೆ ಬ್ಯಾಂಕಿನವರು ಪೂರ್ತಿ ಸಾಲ ಕೊಡ್ತಾರಂತೆ. ಇವಳ ಹಾಗೆ ಅವಳೂ ಒಂದು ದಡ ಸೇರಲಿ."

ಪಂಡಿತೆ ಎದ್ದು ನಿಂತಳು. "ಚಿಕ್ಕಪ್ಪ, ಅದು..." ಎಂದಳು. ಹಿಂದೆ ನಿಂತಿದ್ದ ಅಮ್ಮ ಸೊಂಟಕ್ಕೆ ಚಿವುಟಿದ ರಭಸಕ್ಕೆ ಮಾತು ಅಲ್ಲೇ ನಿಂತಿತು. ಆತ ಹೋದ ಮೇಲೆ ಅಮ್ಮ ಕಣ್ಣೀರು ಹಾಕಿಕೊಂಡು, "ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಅಂತಾದ್ರೆ ನಾನು ಅವನ ಮುಖ ಹೇಗೇ ನೋಡಲಿ?" ಎಂದಳು. ಇತ್ತ ಅಮ್ಮನ ಮಾನ, ಅತ್ತ ಚಿಕ್ಕಪ್ಪನ ಅಂಗಡಿ. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಿತ್ತು ಅವಳ ಪಾಡು.

ಅದೇ ವಾರ ಕನ್ಸಲ್ಟೆನ್ಸಿ ಮೇಡಂ ಫೋನ್ ಮಾಡಿದರು. ಪಂಡಿತೆಯ ಅರ್ಜಿಯನ್ನು ವಿದೇಶಕ್ಕೆ ಹಾಕಿಸಿದ್ದು ಇವರೇ. ಆಫೀಸಿಗೆ ಕರೆಸಿಕೊಂಡು, ಮೇಜಿನ ಮೇಲಿದ್ದ ಬೇರೆ ಕಂಪನಿಗಳ ಜಾಹೀರಾತುಗಳನ್ನು ಕಸದಂತೆ ಪಕ್ಕಕ್ಕೆ ತಳ್ಳಿದರು.

"ನೋಡಮ್ಮ, 'ನೂರಕ್ಕೆ ನೂರು ವೀಸಾ, ಕೈತುಂಬ ಸಂಬಳ.' ಯಾರಪ್ಪನ ಮನೆ ಗಂಟು? ನನಗೆ ಸಾಕಾಗಿದೆ. ನಾನು ಇದ್ದದ್ದು ಇದ್ದಂಗೆ ಹಾಕ್ತೀನಿ. ಒಟ್ಟು ಖರ್ಚೆಷ್ಟು, ವೀಸಾ ಸಿಗದಿದ್ರೆ ಯಾವ ದುಡ್ಡು ವಾಪಸ್ ಬರುತ್ತೆ, ಯಾವುದು ಬರೋದೇ ಇಲ್ಲ, ಎಲ್ಲ. ಮಕ್ಕಳು ಸೇರಿದ್ರೆ ಯೂನಿವರ್ಸಿಟಿಯವರು ನನಗೆ ಕಮಿಷನ್ ಕೊಡ್ತಾರೆ ಅನ್ನೋದನ್ನೂ ಹಾಕ್ತೀನಿ. ಹಳೇ ಮಕ್ಕಳಿಗೆಲ್ಲ ಫೋನ್ ಮಾಡಿ ಕೇಳಿದೀನಿ. ಓದಿಗೆ ತಕ್ಕ ಕೆಲಸ ಸಿಕ್ಕಿರೋದು ಹತ್ತರಲ್ಲಿ ಮೂರು ಜನಕ್ಕೆ. ಫೋನ್ ಎತ್ತದೆ ಇರೋರನ್ನ ಸಿಕ್ಕಿದೆ ಅಂತ ಸೇರಿಸಿಲ್ಲ. ಈಗ ವಾಪಸ್ ಬಂದ ಒಬ್ಬರ ಮುಖ ಬೇಕು. ಎಲ್ಲರೂ ಒಲ್ಲೆ ಅಂತಾರೆ."

ಪಂಡಿತೆಗೆ ತಟ್ಟನೆ ಹೊಳೆಯಿತು. ಜಾಹೀರಾತೇ ಹೇಳಿಬಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ! ಅಮ್ಮ ಯಾರ ಎದುರೂ ತಲೆ ತಗ್ಗಿಸಿ ಒಪ್ಪಿಕೊಳ್ಳಬೇಕಾಗಿಲ್ಲ, ತಾನೂ ಬಾಯಿ ಬಿಡಬೇಕಾಗಿಲ್ಲ. "ನನ್ನದು ಹಾಕಿ ಮೇಡಂ" ಎಂದಳು. ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿ, "ಯೋಚನೆ ಮಾಡಿದೀಯಾ?" ಎಂದು ಕೇಳಿದರು. ಮಾಡಿದ್ದೇನೆ ಎಂದಳು. ಎಲ್ಲಿ ಮಾಡಿದ್ದಳು, ಮಣ್ಣು!

ಮುಂದಿನ ವಾರ ಪೇಪರಿನ ಅರ್ಧ ಪುಟದಲ್ಲಿಯೂ ಬಸ್ ನಿಲ್ದಾಣಗಳ ಹಲಗೆಗಳಲ್ಲಿಯೂ ಪಂಡಿತೆಯ ಮುಖ. ಅದರ ಕೆಳಗೆ ಯಾರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಹೀಗಿತ್ತು: "ಇವರು ಎಂ.ಎಸ್ಸಿ. ಮುಗಿಸಿದರು. ಎರಡು ವರ್ಷ ಅಲ್ಲೇ ಕೆಲಸ ಹುಡುಕಿದರು. ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ವಾಪಸ್ ಬಂದು ಸಾಲ ತೀರಿಸುತ್ತಿದ್ದಾರೆ. ಹೊರಡುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ."

ಅಂದು ಬೆಳಿಗ್ಗೆ ಜನ ಏನನ್ನುತ್ತಾರೋ ಎಂದುಕೊಂಡೇ ಪಂಡಿತೆ ಬೀದಿಗಿಳಿದಳು. ಔಷಧಿ ಅಂಗಡಿಯವನು ಎದ್ದು ನಿಂತ. "ಏನಮ್ಮ, ಪೇಪರಲ್ಲೆಲ್ಲ ನೀನೇ! ಶಭಾಷ್!" ಗೋದಾಮಿನ ಸೂಪರ್‌ವೈಸರ್ ಪೇಪರನ್ನು ಗೋಡೆಗೆ ಅಂಟಿಸಿ, "ನಮ್ಮ ಹುಡುಗಿ" ಎಂದು ಪಾರ್ಸೆಲ್ ತಂದವರಿಗೆಲ್ಲ ತೋರಿಸುತ್ತಿದ್ದ. "ಸರ್, ಕೆಳಗೆ ಓದಿದ್ರಾ?" ಎಂದರೆ, "ಓದೋದೇನಿದೆ, ಫೋಟೋನೇ ಹೇಳುತ್ತೆ" ಎಂದ. ಮಧ್ಯಾಹ್ನದ ಹೊತ್ತಿಗೆ ಅಮ್ಮನ ಫೋನು. ಎಂದೂ ಮಾತಾಡಿಸದ ದೂರದ ಸೋದರತ್ತೆ ಹುಡುಗನ ಜಾತಕದ ಸುದ್ದಿ ಎತ್ತಿದ್ದಳಂತೆ.

ಪಂಡಿತೆಗೆ ತಲೆಬುಡ ತಿಳಿಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರನ್ನು ಕಂಡಿದ್ದಳು. ಎತ್ತು ಈಯಲಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದು ತೋರಿಸಿದರೂ ಕರುವಿಗೆ ಹಗ್ಗ ಹುಡುಕುವವರನ್ನು ಇದೇ ಮೊದಲು ಕಂಡದ್ದು. ಕನ್ನಡ ತಾನೇ ಅದು? ತನಗೇ ಅನುಮಾನ ಬಂದು ಬಸ್ ನಿಲ್ದಾಣದಲ್ಲಿ ನಿಂತು ಮತ್ತೊಮ್ಮೆ ಓದಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಹಲಗೆಯನ್ನೂ ಅವಳನ್ನೂ ಸರದಿಯಂತೆ ನೋಡಿ, "ನಮ್ಮ ಮಗನಿಗೂ ಒಂದು ಮಾತು ಹೇಳಮ್ಮ, ಓದೋದೇ ಇಲ್ಲ" ಎಂದಳು. ಏನು ಹೇಳುವುದು? ಓದು ಎನ್ನುವುದೋ, ಬೇಡ ಎನ್ನುವುದೋ? ಹೂಂ ಎಂದು ಬಸ್ ಹತ್ತಿದಳು.

ಮನೆಗೆ ಬಂದು ನೋಡಿದರೆ ಅಮ್ಮ ಕತ್ತರಿ ಹಿಡಿದು ಕೂತಿದ್ದಾಳೆ. ಫೋಟೋ ಒಂದು ಕಡೆ, ಅಕ್ಷರಗಳೆಲ್ಲ ಕಸದ ಬುಟ್ಟಿಯಲ್ಲಿ. "ಬೆಳಿಗ್ಗೆ ಇದನ್ನ ಓದಿ ಎದೆ ಒಡೆದುಹೋಗಿತ್ತು ಕಣೇ. ಸದ್ಯ, ಯಾರೂ ಓದಿಲ್ಲ! ದೇವರು ದೊಡ್ಡವನು" ಎಂದು ನಿಟ್ಟುಸಿರು ಬಿಟ್ಟಳು. ಪಂಡಿತೆಗೆ ಸಿಟ್ಟು ಬಂತು, ನಗುವೂ ಬಂತು, ಯಾವುದು ಮೊದಲು ಬಂತೆಂದು ಅವಳಿಗೇ ತಿಳಿಯಲಿಲ್ಲ.

ಶನಿವಾರ ಚಿಕ್ಕಪ್ಪ ಫೋನ್ ಮಾಡಿದ. "ನಿಮ್ಮ ಮೇಡಂ ಆಫೀಸಲ್ಲಿದೀವಿ. ಯೂನಿವರ್ಸಿಟಿಗೆ ಮುಂಗಡ ಕಟ್ಟಿಬಿಡ್ತೀನಿ. ನಿನ್ನ ಕೈಯಾರೆ ಆಗಲಿ, ಬಾಮ್ಮ."

ಬಿದ್ದೆನೋ ಎದ್ದೆನೋ ಎಂದು ಓಡಿದಳು. ಮೇಡಂ ಎದುರು ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಪಟಾಕಿ. ಮೇಜಿನ ಮೇಲೆ ಬರೆದಿಟ್ಟ ಚೆಕ್ಕು. ಮೇಡಂ ಅದನ್ನು ಮುಟ್ಟಿರಲಿಲ್ಲ.

"ಯಜಮಾನ್ರೇ, ನಮ್ಮ ಜಾಹೀರಾತು ಓದಿದ್ರಾ?"

"ಓದದೆ ಬರ್ತೀನಾ ಮೇಡಂ? ಎರಡೆರಡು ಸಲ ಓದಿದೀನಿ. ಮುಂಗಡ ಕಟ್ಟಿದ ಮೇಲೇನೇ ಯೂನಿವರ್ಸಿಟಿಯವರು ವೀಸಾಕ್ಕೆ ಬೇಕಾದ ಪತ್ರ ಕೊಡೋದು. ವೀಸಾ ಫೀಸು ಹೋದ್ರೆ ಹೋಯ್ತು. ಅಲ್ಲಿ ಇರೋ ಖರ್ಚಿನ ದುಡ್ಡು ಮೊದಲೇ ಬ್ಯಾಂಕಲ್ಲಿ ತೋರಿಸಬೇಕು. ಸರೀನಾ?"

ಎಲ್ಲವೂ ಸರಿಯೇ. ಪಂಡಿತೆ ನಿಂತಲ್ಲೇ ದಂಗಾದಳು. ಅಮ್ಮನನ್ನು ಬಿಟ್ಟರೆ ಊರಲ್ಲಿ ಅಕ್ಷರ ಬಿಡದೆ ಓದಿದವನು ಈತನೊಬ್ಬನೇ, ಮತ್ತು ಚೆಕ್ ತಂದವನೂ ಈತನೇ!

"ಮತ್ತೆ ನಿಮ್ಮ ಅಣ್ಣನ ಮಗಳ ಫೋಟೋ ಕೆಳಗೆ ಬರೆದಿರೋದು?" ಎಂದು ಮೇಡಂ ಕೇಳಿದರು.

"ಅಯ್ಯೋ, ಅದು ಬಿಡಿ. ಸೋಪಿನ ಜಾಹೀರಾತಲ್ಲಿ ನಗೋ ಹುಡುಗಿ ಅದೇ ಸೋಪು ಹಚ್ಕೋತಾಳಾ? ಕೆಲಸ ಸಿಗದೋರು ಯಾರೋ ನಾಚ್ಕೊಂಡಿರ್ತಾರೆ, ಇವಳು ಮುಖ ಕೊಟ್ಟಿದಾಳೆ. ಒಳ್ಳೆ ಮನಸ್ಸು ಇವಳದ್ದು. ಇವಳಿಗೆ ಕೆಲಸ ಇದೆಯಲ್ಲ, ಅತ್ತಿಗೆ ಹೇಳಿದಾರೆ."

ಮೇಡಂ ಪಂಡಿತೆಯ ಕಡೆ ತಿರುಗಿದರು. ಇನ್ನು ಜಾಹೀರಾತಿನ ಹಿಂದೆ ಅಡಗಿಕೊಳ್ಳಲು ಜಾಗವಿರಲಿಲ್ಲ.

"ಚಿಕ್ಕಪ್ಪ, ಅದು ಬೇರೆ ಯಾರದ್ದೂ ಅಲ್ಲ. ನನ್ನದೇ. ಬ್ರಾಂಚೂ ಇಲ್ಲ, ಏನೂ ಇಲ್ಲ. ಕೊರಿಯರ್ ಗೋದಾಮಲ್ಲಿ ಬಿಲ್ ಮಾಡ್ತೀನಿ."

ಚಿಕ್ಕಪ್ಪ ಪೇಪರನ್ನು ಹತ್ತಿರಕ್ಕೆ ಎಳೆದುಕೊಂಡ. "ನಗ್ತಾ ಇದ್ದೀಯಲ್ಲಮ್ಮ ಇಲ್ಲಿ..."

"ಫೋಟೋ ತೆಗೆಯೋನು ನಗಿ ಅಂದ. ನಕ್ಕೆ."

"ಆದ್ರೂ ಹತ್ತರಲ್ಲಿ ಮೂರು ಜನಕ್ಕೆ ಸಿಕ್ಕಿದೆಯಲ್ಲ" ಎಂದ ಆತ. ಧ್ವನಿ ಕುಗ್ಗಿತ್ತು. "ನಮ್ಮವಳು ಚುರುಕು. ಆ ಮೂರರಲ್ಲಿ ಇರ್ತಾಳೆ."

"ಹೊರಡೋವಾಗ ನಾನೂ ಆ ಮೂರರಲ್ಲೇ ಇದ್ದೆ ಚಿಕ್ಕಪ್ಪ."

ಪಟಾಕಿ ಸಿಡಿದಳು. "ನೀನು ಮಾತ್ರ ಹೋಗಿ ಬರಬಹುದು, ನಾನು ಬೇಡ್ವಾ? ನಿಜ ಹೇಳಕ್ಕ, ಎಲ್ಲಾ ಗೊತ್ತಿದ್ರೂ ಮತ್ತೆ ಹೋಗ್ತಿದ್ಯಾ ಇಲ್ವಾ?"

ಇಲ್ಲ ಎನ್ನಲು ಪಂಡಿತೆ ಬಾಯಿ ತೆರೆದಳು. ಆ ಊರಿನ ಗ್ರಂಥಾಲಯದ ಮೂಲೆಯ ಕುರ್ಚಿ ಕಣ್ಣಿಗೆ ಕಟ್ಟಿತು. ಆ ಎರಡು ವರ್ಷದಲ್ಲಿ ಕೈ ಬಿರಿಯುವಂತೆ ತೊಳೆದ ಪಾತ್ರೆಗಳೂ ಕಣ್ಣಿಗೆ ಕಟ್ಟಿದವು. ಹೋಗಿದ್ದು ತಪ್ಪೋ ಸರಿಯೋ, ಅವಳಿಗೆ ಇವತ್ತಿಗೂ ಬಗೆಹರಿದಿರಲಿಲ್ಲ.

"ಗೊತ್ತಿಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ, ಗೊತ್ತಿಲ್ಲ. ಹೋಗ್ತಿದ್ದೆನೋ ಏನೋ. ಆದ್ರೆ ನಿನ್ನ ಹಾಗೆ ಅಪ್ಪನ ಅಂಗಡಿ ಅಡ ಇಟ್ಟು ಹೋಗ್ತಿರಲಿಲ್ಲ."

ಪಟಾಕಿ ಕೈ ಚಾಚಿ ಚೆಕ್ಕನ್ನು ತೆಗೆದು ಅಪ್ಪನ ಅಂಗಿಯ ಜೇಬಿಗೆ ತುರುಕಿದಳು. "ಇವತ್ತು ಬೇಡಪ್ಪ. ಮೊದಲು ಸ್ಕಾಲರ್‌ಶಿಪ್ ಏನಿದೆ ಕೇಳೋಣ. ಸಿಗದಿದ್ರೆ ನೋಡೋಣ." ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು, ಮುಖ ಆಚೆ ತಿರುಗಿಸಿಕೊಂಡಳು. ಮೇಡಂ ಸ್ಕಾಲರ್‌ಶಿಪ್ ಹುಡುಕಲು ಕಂಪ್ಯೂಟರಿನ ಕಡೆ ತಿರುಗಿದರು.

ಚಿಕ್ಕಪ್ಪ ಇನ್ನೂ ಪೇಪರನ್ನೇ ನೋಡುತ್ತಿದ್ದ. ಇನ್ನು ಬೈಗುಳ ಗ್ಯಾರಂಟಿ, ಅಮ್ಮನಿಗೂ ಸೇರಿಸಿ ಎಂದುಕೊಂಡು ಪಂಡಿತೆ ತಲೆ ತಗ್ಗಿಸಿ ನಿಂತಳು. ಆತ ದಪ್ಪಕ್ಷರದ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ, ಆಮೇಲೆ ಅವಳ ಮುಖ ನೋಡಿದ.

"ಅಂದ್ರೆ... ಬಂದಾಗಿಂದ ಈ ಕಂತನ್ನ ನೀನು ಒಬ್ಬಳೇ ಕಟ್ತಾ ಇದೀಯೇನೇ ಮಗಳೇ? ನಾನು ಸತ್ತಿದ್ನಾ?"

ಪಂಡಿತೆ ಆಫೀಸೆಂಬುದನ್ನೂ ಮರೆತು, ಆತನ ಪಕ್ಕದ ಕುರ್ಚಿಯಲ್ಲಿ ಕುಸಿದು ಗೊಳೋ ಎಂದು ಅತ್ತಳು.